ಬೆನ್ನು ತಟ್ಟಿದ ಮೇಲೆ ಎಷ್ಟು ಹೊತ್ತಿಗೆ ಏಳುತ್ತೀರಿ?

ಶಿಕಾರಿಪುರದ, ಸೊರಬದ ಮಕ್ಕಳೇ,

ವಿಜ್ಞಾನದ ಪ್ರಾಜೆಕ್ಟು ಎಂದ ಕೂಡಲೇ ಥರ್ಮೋಕೋಲ್ ಅಂಗಡಿಗೆ ಓಡಬೇಡಿ. ಸಂಜೆ ನಾಲ್ಕೂವರೆಗೆ ಶಾಲೆಯ ಮೈದಾನದಲ್ಲಿ ನೀವು ಆಡುವ ಖೋ ಖೋದಲ್ಲೇ ಒಳ್ಳೆಯ ಪ್ರಾಜೆಕ್ಟು ಕೂತಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿ ನಮ್ಮ ಕರ್ನಾಟಕದ ಎಂ.ಕೆ. ಗೌತಮ್, ಬಿ. ಚೈತ್ರಾ ಇದ್ದರು. ಆ ಆಟದಲ್ಲಿ ಸಾಲಿನಲ್ಲಿ ಕೂತವರು ಏಳುವುದು ಕಣ್ಣಿನ ಮಾತು ಕೇಳಿಯಲ್ಲ. ಹಿಂದಿನಿಂದ ಬೆನ್ನಿಗೆ ಕೈ ತಾಗಬೇಕು, ಕಿವಿಗೆ ‘ಖೋ’ ಬೀಳಬೇಕು. ಹಾಗಾದರೆ ಬೆನ್ನಿಗೆ ತಾಗಿದ್ದಕ್ಕೆ ನಮ್ಮ ಕೈ ಬೇಗ ಓಗೊಡುತ್ತದೆಯೋ, ಕಣ್ಣಿಗೆ ಕಂಡಿದ್ದಕ್ಕೆ ಬೇಗ ಓಗೊಡುತ್ತದೆಯೋ? ಈ ಪ್ರಶ್ನೆಯನ್ನು ಒಂದು ಸ್ಕೇಲಿನಿಂದ ತರಗತಿಯಲ್ಲಿ ಕೂತೇ ಅಳೆಯಬಹುದು.

ಹಿಡಿಯುವವರು ಬೆಂಚಿನ ಮೇಲೆ ಮುಂಗೈ ಊರಿ ಅಂಗೈಯನ್ನು ಅಂಚಿನಿಂದ ಹೊರಗೆ ಚಾಚಲಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ರಬ್ಬರು ತೂರುವಷ್ಟು ಜಾಗ ಇರಲಿ. ಈ ಜಾಗ ಪ್ರತಿ ಸಲವೂ ಒಂದೇ ಆಗಿರಬೇಕು, ಏಕೆಂದರೆ ಬೆರಳು ಮುಚ್ಚಿಕೊಳ್ಳುವ ಹೊತ್ತೂ ನಿಮ್ಮ ಅಳತೆಯೊಳಗೆ ಸೇರುತ್ತದೆ. ಬಿಡುವವರು ಸ್ಕೇಲನ್ನು ನೇರವಾಗಿ ಹಿಡಿದು ಸೊನ್ನೆಯ ಗೆರೆಯನ್ನು ಹೆಬ್ಬೆರಳಿನ ಮೇಲಂಚಿಗೆ ಸರಿಹೊಂದಿಸಲಿ. ಒಂದರಿಂದ ಐದು ಸೆಕೆಂಡಿನೊಳಗೆ ಮನಸ್ಸಿಗೆ ಬಂದ ಗಳಿಗೆಯಲ್ಲಿ, ಸುಳಿವು ಕೊಡದೆ ಬಿಡಲಿ. ಹಿಡಿದ ಮೇಲೆ ಮತ್ತೆ ಹೆಬ್ಬೆರಳಿನ ಮೇಲಂಚಿನಲ್ಲೇ ಓದಿ. ಮೊದಲ ಮೂರು ಸಲ ಬರೀ ಅಭ್ಯಾಸ. ಆಮೇಲಿನ ಹತ್ತನ್ನು ಬರೆದುಕೊಳ್ಳಿ. 30 ಸೆಂ.ಮೀ. ಸ್ಕೇಲು ಕೆಲವರ ಬೆರಳಿಗೆ ಸಿಗದೆ ಜಾರಿ ಬೀಳುತ್ತದೆ. ಜಾರಿದ್ದನ್ನು ಲೆಕ್ಕದಿಂದ ಬಿಟ್ಟರೆ ನಿಧಾನದವರ ಅಳತೆಯೇ ಕಳೆದುಹೋಗುತ್ತದೆ. ಅದಕ್ಕೆ ಪ್ರಯೋಗಶಾಲೆಯ ಮೀಟರ್ ಕೋಲು ತರುವುದು ಲೇಸು.

ಬಿದ್ದ ದೂರದಿಂದ ಸಮಯ ತೆಗೆಯುವ ಸೂತ್ರ ಒಂಬತ್ತನೇ ತರಗತಿಯದ್ದೇ:

t = √(2d/g)

d ಮೀಟರಿನಲ್ಲಿರಲಿ, g ಎಂದರೆ 9.8. ಒಬ್ಬಳು ಹುಡುಗಿ ಕಣ್ಣಿನಿಂದ ನೋಡಿ ಹಿಡಿದಾಗ 20 ಸೆಂ.ಮೀ. ಬಂತು ಎಂದುಕೊಳ್ಳಿ. 0.4ನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.202 ಸೆಕೆಂಡು. ಅವಳೇ ಕಣ್ಣು ಮುಚ್ಚಿ ಕೂತು, ಬಿಡುವವರು ಒಂದು ಕೈಯಲ್ಲಿ ಬೆನ್ನು ಮುಟ್ಟಿ ಇನ್ನೊಂದು ಕೈಯಲ್ಲಿ ಸ್ಕೇಲು ಬಿಟ್ಟಾಗ 15 ಸೆಂ.ಮೀ. ಬಂದರೆ 0.175 ಸೆಕೆಂಡು. ವ್ಯತ್ಯಾಸ 0.027 ಸೆಕೆಂಡು. ಇಷ್ಟಕ್ಕೇನು ಎನ್ನಬೇಡಿ. ಸೆಕೆಂಡಿಗೆ ಆರು ಮೀಟರು ಓಡುವವರು ಅಷ್ಟರಲ್ಲಿ 16 ಸೆಂ.ಮೀ. ಮುಂದೆ ಹೋಗಿರುತ್ತಾರೆ. ಗೇಣಿಗೆ ತುಸು ಕಡಿಮೆ. ಖೋ ಖೋದಲ್ಲಿ ಮುಟ್ಟಿಸಿಕೊಳ್ಳುವುದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ನಡುವೆ ಎಷ್ಟೋ ಸಲ ಅಷ್ಟೂ ಜಾಗವಿರುವುದಿಲ್ಲ. ಮುಟ್ಟಿದ್ದು, ಕೇಳಿದ್ದು ಕಂಡದ್ದಕ್ಕಿಂತ ಬೇಗ ಮಿದುಳು ಮುಟ್ಟುವುದು ಸಹಜ. ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕು ನರದ ಸಂಕೇತವಾಗಲು ರಾಸಾಯನಿಕ ಕ್ರಿಯೆ ನಡೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಒಂದು ಸೂಕ್ಷ್ಮ ನೋಡಿ. ಸ್ಕೇಲು ಬೀಳುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಮೊದಲ 5 ಸೆಂ.ಮೀ. ಬೀಳಲು 0.1 ಸೆಕೆಂಡು ಬೇಕು. 15ರಿಂದ 20ಕ್ಕೆ ಇಳಿಯಲು 0.027 ಸಾಕು. ಆದ್ದರಿಂದ ಸೆಂಟಿಮೀಟರುಗಳ ಸರಾಸರಿ ತೆಗೆದು ಕೊನೆಗೆ ಸಮಯಕ್ಕೆ ತಿರುಗಿಸುವ ಬದಲು, ಪ್ರತಿ ಸಲದ ಸಮಯವನ್ನೂ ಬೇರೆಬೇರೆ ಕಂಡುಹಿಡಿದು ಅವುಗಳ ಸರಾಸರಿ ತೆಗೆಯಿರಿ.

ನನ್ನ ಮೇಷ್ಟ್ರುಗಿರಿಯ ಕಾಲದಲ್ಲಿ ಒಬ್ಬ ಹುಡುಗ ಮೂರೇ ಸೆಂ.ಮೀ.ಗೆ ಹಿಡಿದು ತರಗತಿಯನ್ನೆಲ್ಲ ಬೆರಗುಗೊಳಿಸಿದ್ದ. ನಾನೂ ಶಹಬ್ಬಾಸ್ ಎಂದೆ. ಎದುರು ಕೂತು ನೋಡಿದಾಗ ಗೊತ್ತಾಯಿತು: ಅವನ ಕಣ್ಣು ಸ್ಕೇಲಿನ ಮೇಲಿರಲಿಲ್ಲ, ಬಿಡುವವನ ಭುಜದ ಮೇಲಿತ್ತು. ಬೆರಳು ಸಡಿಲಾಗುವ ಮೊದಲು ಭುಜ ಒಂದಿಷ್ಟು ಅಲುಗುತ್ತಿತ್ತು. ಓಟದ ಸ್ಪರ್ಧೆಗಳಲ್ಲೂ ಇದೇ ನ್ಯಾಯ: ಗುಂಡಿನ ಸದ್ದಾದ 0.1 ಸೆಕೆಂಡಿನೊಳಗೆ ಯಾರಾದರೂ ಹೊರಟರೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅದನ್ನು ತಪ್ಪು ಆರಂಭ ಎನ್ನುತ್ತದೆ. ನಿಮ್ಮ ಸ್ಕೇಲಿನ ಮೇಲೆ ಆ ಗಡಿ ಹೆಚ್ಚುಕಡಿಮೆ 5 ಸೆಂ.ಮೀ. ಗೆರೆ. ಅದಕ್ಕಿಂತ ಕಡಿಮೆ ಬಂದದ್ದು ಊಹೆ. ಅಳಿಸಬೇಡಿ, ಬರೆದು, ಪಕ್ಕದಲ್ಲಿ ‘ಊಹೆ’ ಎಂದು ಗುರುತು ಹಾಕಿ ಸರಾಸರಿಯಿಂದ ಹೊರಗಿಡಿ. ಬಿಡುವವರ ಭುಜಕ್ಕೂ ಹಿಡಿಯುವವರ ಕಣ್ಣಿಗೂ ನಡುವೆ ಒಂದು ರಟ್ಟು ಅಡ್ಡ ಹಿಡಿಯಿರಿ.

ಬೆನ್ನು ಮುಟ್ಟುವ ಪರೀಕ್ಷೆಯಲ್ಲಿ ತಪ್ಪು ಸೇರುವುದು ಬೇರೆ ಕಡೆಯಿಂದ. ಎರಡು ಕೈಗಳೂ ಒಂದೇ ಗಳಿಗೆಗೆ ಕೆಲಸ ಮಾಡಬೇಕಲ್ಲ? ಐದು ಸಲ ಬಲಗೈಯಲ್ಲಿ ಬಿಟ್ಟು ಎಡಗೈಯಲ್ಲಿ ಮುಟ್ಟಿ, ಇನ್ನೈದು ಸಲ ಅದಲುಬದಲು ಮಾಡಿ. ಎರಡರ ನಡುವೆ ಮೂರು ನಾಲ್ಕು ಸೆಂ.ಮೀ. ವ್ಯತ್ಯಾಸ ಕಂಡರೆ ನೀವು ಅಳೆದದ್ದು ಬಿಡುವವರ ಕೈಯನ್ನು, ಹಿಡಿಯುವವರ ಚುರುಕನ್ನಲ್ಲ. ಹಾಗೆಯೇ ಅರ್ಧ ಜನ ಮೊದಲು ಕಣ್ಣಿನ ಪರೀಕ್ಷೆ, ಉಳಿದರ್ಧ ಮೊದಲು ಬೆನ್ನಿನ ಪರೀಕ್ಷೆ ಮಾಡಲಿ. ಇಲ್ಲದಿದ್ದರೆ ಎರಡನೆಯದರಲ್ಲಿ ಕೈ ಪಳಗಿದ ಲಾಭ ಸೇರಿಕೊಳ್ಳುತ್ತದೆ.

ದಮ್ಮು ಅಳೆಯುವ ಆಸೆ ಇದ್ದವರಿಗೆ 30 ಸೆಂ.ಮೀ. ಎತ್ತರದ, ಅಲುಗಾಡದ ಮೆಟ್ಟಿಲು ಸಾಕು. ನಿಮಿಷಕ್ಕೆ 24 ಸಲ ಹತ್ತಿ ಇಳಿಯುತ್ತಾ ಮೂರು ನಿಮಿಷ. ಕೂತ ತಕ್ಷಣ ನಾಡಿ ಎಣಿಸಿ, ಏಕೆಂದರೆ ಅದು ಬಲುಬೇಗ ಇಳಿಯುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವಾಗ ಒಂದು ಬಡಿತ ತಪ್ಪಿದರೂ ನಾಲ್ಕು ಬಡಿತದ ತಪ್ಪಾಗುತ್ತದೆ. ಇಬ್ಬರು ಎರಡು ಮಣಿಕಟ್ಟಿನಲ್ಲಿ ಎಣಿಸಿ ತಾಳೆ ನೋಡಲಿ. ಉಬ್ಬಸ, ಜ್ವರ, ಹೃದಯದ ತೊಂದರೆ ಇದ್ದವರು ಹತ್ತುವುದು ಬೇಡ, ಗಡಿಯಾರ ಹಿಡಿಯಲಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಬೆವರಿನ ಲೆಕ್ಕ ತೂಕದಿಂದ. ಅಭ್ಯಾಸಕ್ಕೆ ಮುಂಚೆ 42.6 ಕೆ.ಜಿ. ಇದ್ದವಳು ಮುಗಿದ ಮೇಲೆ 42.1 ಆದಳು, ನಡುವೆ 300 ಮಿ.ಲೀ. ನೀರು ಕುಡಿದಳು, ಮೂತ್ರಕ್ಕೆ ಹೋಗಲಿಲ್ಲ ಎಂದಿಟ್ಟುಕೊಳ್ಳಿ. ಹೋದ ಬೆವರು 0.8 ಲೀಟರು. ಮುಳ್ಳು ತಿರುಗುವ ಯಂತ್ರಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಸಿಗುವುದಿಲ್ಲ, 100 ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ಯಂತ್ರವೇ ಬೇಕು. ಮೈ ಒರೆಸಿ, ಒದ್ದೆ ಅಂಗಿ ಬದಲಿಸಿ ಅದೇ ತೂಕದ ಒಣ ಬಟ್ಟೆಯಲ್ಲಿ ನಿಲ್ಲಬೇಕು; ಅಂಗಿ ಕುಡಿದ ಬೆವರನ್ನೂ ಯಂತ್ರ ನಿಮ್ಮ ತೂಕಕ್ಕೆ ಸೇರಿಸುತ್ತದೆ. ಯಾರ ತೂಕವನ್ನೂ ಗಟ್ಟಿಯಾಗಿ ಓದಬೇಡಿ, ವರದಿಯಲ್ಲಿ ವ್ಯತ್ಯಾಸ ಮಾತ್ರ ಇರಲಿ. ಸೊರಬದ ಜಡಿಮಳೆಯ ತೇವದಲ್ಲಿ ಬೆವರು ಆರುವುದಿಲ್ಲ, ಮೈಯಿಂದ ಹನಿಹನಿಯಾಗಿ ಇಳಿದುಹೋಗುತ್ತದೆ; ಶಿಕಾರಿಪುರದ ಒಣ ಬಿಸಿಲಿನಲ್ಲಿ ಕಾಣುವ ಮೊದಲೇ ಆರುತ್ತದೆ. ಕಣ್ಣಿಗೆ ಕಂಡ ಬೆವರನ್ನು ನಂಬದೆ ತೂಗಬೇಕಾದದ್ದು ಇದಕ್ಕೇ. ಎರಡೂ ಊರಿನವರು ಒಂದೇ ದಿನ, ಒಂದೇ ಹೊತ್ತು ಅದೇ ಅಭ್ಯಾಸ ಮಾಡಿ ತೂಗಿ, ಅಂಕಿ ಹಂಚಿಕೊಳ್ಳಿ.

ಒಂದು ಮಾತನ್ನು ಮಾತ್ರ ನನಗಾಗಿ ನಡೆಸಿಕೊಡಿ: ನೀರು ಕುಡಿಯದಿದ್ದರೆ ಏನಾಗುತ್ತದೆ ನೋಡೋಣ ಎಂದು ಯಾರನ್ನೂ ಬಾಯಾರಿಸಬೇಡಿ. ಕುಡಿಯಲಿ, ಕುಡಿದಷ್ಟನ್ನೂ ಅಳೆದು ಬರೆಯಿರಿ.