ಟೆಂಡರ್ ಹಾಕುವ ಮುನ್ನ ಒಂದು ಹಾಳೆ

ಸರ್ಕಾರಿ ಕಾಮಗಾರಿಯ ಟೆಂಡರ್ ದಾಖಲೆ ಎಂದರೆ ಎಂಬತ್ತು, ನೂರು ಪುಟ. ಸಣ್ಣ ಗುತ್ತಿಗೆದಾರರ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಮೇಜಿನ ಮೇಲೆ ಅಂಥದ್ದು ಸದಾ ಒಂದೆರಡು ಇದ್ದೇ ಇರುತ್ತದೆ. ಹೆಚ್ಚಿನವರು ಅಂದಾಜು ಮೊತ್ತ, ಇಎಂಡಿ, ಕೊನೆಯ ದಿನಾಂಕ ಈ ಮೂರನ್ನು ನೋಡಿ ದರ ಬರೆಯಲು ಕೂರುತ್ತಾರೆ. ಉಳಿದ ಪುಟಗಳು ಅವರ ಕೈಗೆ ಬರುವುದು ಟೆಂಡರ್ ತಿರಸ್ಕೃತವಾದಾಗ, ಇಲ್ಲವೇ ಬಿಲ್ಲಿನಲ್ಲಿ ಹಣ ಕಡಿತವಾದಾಗ.

ನೂರು ಪುಟವನ್ನು ಒಂದು ಹಾಳೆಗೆ ಇಳಿಸುವುದು ಅಷ್ಟು ಕಷ್ಟವೇನಲ್ಲ. ನಮ್ಮ ರಾಜ್ಯದಲ್ಲಿ ಕಾಮಗಾರಿ ಟೆಂಡರ್‌ಗಳಿಗೆ ಕೆಡಬ್ಲ್ಯೂ-4ರಂಥ ಮಾದರಿ ದಾಖಲೆಗಳಿವೆ. ಅವುಗಳ ಬಹುಭಾಗ ಪ್ರತಿ ಟೆಂಡರ್‌ನಲ್ಲೂ ಅದೇ ಮಾತು. ಬದಲಾಗುವುದು ಖಾಲಿ ಬಿಟ್ಟ ಜಾಗಗಳಲ್ಲಿ ಇಲಾಖೆ ತುಂಬಿದ ಅಂಕಿಗಳು: ಟೆಂಡರ್ ಪ್ರಕಟಣೆಯಲ್ಲಿ, ಅರ್ಹತೆಯ ಷರತ್ತಿನಲ್ಲಿ, 'ಕಾಂಟ್ರಾಕ್ಟ್ ಡೇಟಾ' ಎಂಬ ಪಟ್ಟಿಯಲ್ಲಿ. ನಾನು ಮೊದಲು ಓದುವುದು ಆ ಪಟ್ಟಿಯನ್ನೇ. ಅಲ್ಲಿರುವ ಒಂದೊಂದು ಅಂಕಿಯನ್ನೂ ಹಿಡಿದು, ಅದು ಯಾವ ಷರತ್ತಿಗೆ ಸೇರಿದ್ದೋ ಅಲ್ಲಿಗೆ ಹಿಂದಿರುಗಿ ಓದುತ್ತೇನೆ. ಮಾದರಿಯಲ್ಲಿ ಇಲ್ಲದ ವಿಶೇಷ ಷರತ್ತು ಸೇರಿಸಿದ್ದರೆ ಅದನ್ನು ಮಾತ್ರ ಅಕ್ಷರ ಬಿಡದೆ ಓದಬೇಕು.

ಷರತ್ತಿನ ಸಾರಾಂಶ ಬರೆದುಕೊಂಡರೆ ಪಟ್ಟಿ ಆಗುವುದಿಲ್ಲ. ಪ್ರತಿ ಸಾಲೂ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯಾಗಿರಬೇಕು. ಪಕ್ಕದಲ್ಲಿ ಪುಟಸಂಖ್ಯೆ, ಅದರ ಪಕ್ಕದಲ್ಲಿ ಉತ್ತರಕ್ಕೆ ಆಧಾರವಾದ ಕಾಗದದ ಹೆಸರು. ಕಾಗದ ಕೈಯಲ್ಲಿಲ್ಲದೆ ಟಿಕ್ ಹಾಕುವ ಹಾಗಿಲ್ಲ.

ಇತ್ತೀಚೆಗೆ ನಮ್ಮ ತಾಲ್ಲೂಕಿನ ಯುವ ಗುತ್ತಿಗೆದಾರನೊಬ್ಬ ಸಿಸಿ ರಸ್ತೆ ಮತ್ತು ಚರಂಡಿಯ ಟೆಂಡರ್ ತಂದಿದ್ದ. ಅಂದಾಜು 80 ಲಕ್ಷ, ಅವಧಿ ಆರು ತಿಂಗಳು. ತಾನೇ ಒಂದು ಪಟ್ಟಿಯನ್ನೂ ಬರೆದುಕೊಂಡು ಬಂದಿದ್ದ. ಮೊದಲ ಸಾಲು: '40 ಲಕ್ಷದ ಇಂಥದೇ ಕೆಲಸ ಮಾಡಿರಬೇಕು.' ಎದುರಿಗೆ ಟಿಕ್. ಮೂಲದಲ್ಲಿ ಇದ್ದದ್ದು ಇಷ್ಟು: ಕಳೆದ ಐದು ವರ್ಷಗಳೊಳಗೆ, ಮುಖ್ಯ ಗುತ್ತಿಗೆದಾರನಾಗಿ, ಇದೇ ಸ್ವರೂಪದ ಒಂದು ಕಾಮಗಾರಿಯನ್ನು ತೃಪ್ತಿಕರವಾಗಿ ಮುಗಿಸಿರಬೇಕು, ಅದರ ಮೊತ್ತ 40 ಲಕ್ಷಕ್ಕೆ ಕಡಿಮೆ ಇರಬಾರದು.

'ಸರ್, ಎರಡೂ ಒಂದೇ ಅಲ್ವಾ?' ಎಂದ.

ಒಂದೇ ಅಲ್ಲ. ಅವನ ಕೈಯಲ್ಲಿ ಎರಡು ಪ್ರಮಾಣಪತ್ರಗಳಿದ್ದವು. 46 ಲಕ್ಷದ ಕೆಲಸವನ್ನು ಅವನು ಮಾಡಿದ್ದು ಬೇರೊಬ್ಬರ ಕೈಕೆಳಗೆ, ಉಪಗುತ್ತಿಗೆಯಲ್ಲಿ. ಅದು ಈ ಷರತ್ತಿಗೆ ಲೆಕ್ಕಕ್ಕಿಲ್ಲ. ಇನ್ನೊಂದು ಅವನ ಸ್ವಂತ ಹೆಸರಿನದು, ಅಂದಾಜು 43 ಲಕ್ಷ. ಆದರೆ ಕಾರ್ಯಪಾಲಕ ಎಂಜಿನಿಯರ್ ಕೊಟ್ಟ ಪ್ರಮಾಣಪತ್ರದಲ್ಲಿ ನೋಡಬೇಕಾದದ್ದು ಮುಗಿಸಿದ ಕೆಲಸದ ಮೊತ್ತವನ್ನು. ಅಲ್ಲಿ 41.2 ಲಕ್ಷ ಎಂದಿತ್ತು, ಪುಣ್ಯಕ್ಕೆ ಸಾಕಾಯಿತು. ಆ ಒಂದು ಸಾಲನ್ನು ನಾವು ನಾಲ್ಕು ಪ್ರಶ್ನೆಗಳಾಗಿ ಒಡೆದೆವು: ನನ್ನದೇ ಹೆಸರಿನ ಗುತ್ತಿಗೆಯೇ? ಐದು ವರ್ಷದೊಳಗೆ ಮುಗಿದಿದೆಯೇ? ಕೆಲಸದ ಸ್ವರೂಪ ಅದೇ ಏನು? ಪ್ರಮಾಣಪತ್ರದ ಮೊತ್ತ 40 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದೆಯೇ? ಚಿಕ್ಕದಾಗಿಸುವಾಗ ಮೊದಲು ಉದುರಿಹೋಗುವುದು 'ಒಳಗೆ', 'ಆಗಿ', 'ಕಡಿಮೆ ಇರಬಾರದು' ಎಂಬಂಥ ಮಾತುಗಳು. ತಿರಸ್ಕಾರಕ್ಕೆ ಕಾರಣವಾಗುವುದೂ ಅವೇ.

ಎರಡನೆಯ ತಡೆಗೋಡೆ ಟೆಂಡರ್ ಸಾಮರ್ಥ್ಯದ ಸೂತ್ರ. ಇದನ್ನು ಬಹಳ ಜನ ಸಿಎ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಹಾಗೆ ಬಿಡಬಾರದು, ಲೆಕ್ಕ ಸರಳವಾಗಿಯೇ ಇದೆ:

```
A × N × 1.5 − B
```

A ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತ. N ಈ ಕಾಮಗಾರಿಗೆ ಕೊಟ್ಟ ಅವಧಿ, ವರ್ಷಗಳಲ್ಲಿ. B ಈಗಾಗಲೇ ಒಪ್ಪಿಕೊಂಡ ಕೆಲಸಗಳಲ್ಲಿ ಅದೇ ಅವಧಿಯೊಳಗೆ ಮಾಡಬೇಕಾದ ಬಾಕಿ. ನಮ್ಮ ಹುಡುಗನ ಅತ್ಯುತ್ತಮ ವರ್ಷದ ಕೆಲಸ 110 ಲಕ್ಷ. ಆರು ತಿಂಗಳೆಂದರೆ ಅರ್ಧ ವರ್ಷ. ಅರ್ಧದಿಂದ, ಆಮೇಲೆ ಒಂದೂವರೆಯಿಂದ ಗುಣಿಸಿದರೆ 82.5 ಲಕ್ಷ. ಬಾಕಿ ಕೆಲಸ 12 ಲಕ್ಷ ಕಳೆದರೆ ಉಳಿದದ್ದು 70.5 ಲಕ್ಷ. 80 ಲಕ್ಷದ ಕಾಮಗಾರಿಗೆ ಅವನು ಅನರ್ಹ.

ಆದರೆ ಸೂತ್ರದಲ್ಲಿ A ಅನ್ನು ಇಂದಿನ ಬೆಲೆಮಟ್ಟಕ್ಕೆ ಏರಿಸಿಕೊಳ್ಳಬೇಕು ಎಂದಿರುತ್ತದೆ. ಈ ದಾಖಲೆಯಲ್ಲಿ ವರ್ಷಕ್ಕೆ ಶೇ. 10ರಂತೆ ಏರಿಸಲು ಅವಕಾಶವಿತ್ತು. ಅವನ ಆ ವರ್ಷ ಎರಡು ವರ್ಷ ಹಿಂದಿನದು. 110 ಲಕ್ಷ 133.1 ಲಕ್ಷವಾಯಿತು, ಸಾಮರ್ಥ್ಯ 87.8 ಲಕ್ಷಕ್ಕೆ ಏರಿತು. ಅರ್ಹ! ಹಾಗಾಗಿ ಹಾಳೆಯಲ್ಲಿ 'ಸಾಮರ್ಥ್ಯ ಇದೆಯೇ' ಎಂಬ ಒಂದೇ ಪ್ರಶ್ನೆ ಸಾಲದು. ದಾಖಲೆ ಹೇಳಿದ ದರದಲ್ಲೇ ಏರಿಸಿದ್ದೇನೆಯೇ, ಅವಧಿಯನ್ನು ಅದು ಹೇಳಿದಂತೆಯೇ ಎಣಿಸಿದ್ದೇನೆಯೇ, ಬಾಕಿ ಕೆಲಸಕ್ಕೆ ಬೇಕಾದ ಸಹಿ ಇದೆಯೇ ಎಂಬ ಮೂರು ಸಾಲುಗಳಾದರೂ ಬೇಕು. B ಅಂಕಿಯನ್ನು ಕಡಿಮೆ ತೋರಿಸಿ ಪಾರಾಗೋಣ ಎಂಬ ಆಸೆ ಕೆಲವರಿಗೆ ಬರುತ್ತದೆ. ಸುಳ್ಳು ಮಾಹಿತಿ ಸಿಕ್ಕಿಬಿದ್ದರೆ ಆ ಒಂದು ಟೆಂಡರ್ ಅಷ್ಟೇ ಅಲ್ಲ, ಕಪ್ಪುಪಟ್ಟಿಯ ಮಾತೂ ಬರುತ್ತದೆ.

ಇಲ್ಲಿಯವರೆಗಿನ ಸಾಲುಗಳಲ್ಲಿ ಒಂದಕ್ಕೆ 'ಇಲ್ಲ' ಬಂದರೂ ಹಾಳೆಯನ್ನು ಅಲ್ಲಿಗೇ ಮಡಚಿಡಬೇಕು. ಎಲ್ಲಕ್ಕೂ 'ಹೌದು' ಬಂದರೆ ಕೆಳಗಿನ ಅರ್ಧ, ಅಂದರೆ ಹಣ ಎಲ್ಲಿ, ಎಷ್ಟು ದಿನ ಕಟ್ಟಿಹೋಗುತ್ತದೆ ಎಂಬ ಭಾಗ.

ಅವನು ಬರೆಯಬೇಕೆಂದಿದ್ದ ಮೊತ್ತ 76 ಲಕ್ಷ, ನಿರೀಕ್ಷಿಸಿದ ಲಾಭ ಶೇ. 10, ಎಂದರೆ 7.6 ಲಕ್ಷ. ದಾಖಲೆಯ ಪ್ರಕಾರ ಒಪ್ಪಂದಕ್ಕೆ ಮುಂಚೆ ಶೇ. 5 ಭದ್ರತಾ ಠೇವಣಿ, 3.8 ಲಕ್ಷ. ಪ್ರತಿ ಬಿಲ್ಲಿನಲ್ಲೂ ಇನ್ನೊಂದು ಶೇ. 5 ಹಿಡಿದಿಡುತ್ತಾರೆ, ಕೊನೆಗೆ ಅದೂ 3.8 ಲಕ್ಷ. ಕೆಲಸ ಮುಗಿದಾಗ ಹಿಡಿದಿಟ್ಟದ್ದರಲ್ಲಿ ಅರ್ಧ ವಾಪಸ್. ಮಿಕ್ಕ ಅರ್ಧ ಮತ್ತು ಠೇವಣಿ ಎರಡು ವರ್ಷದ ದೋಷ ಹೊಣೆಗಾರಿಕೆ ಅವಧಿ ಕಳೆದ ಮೇಲೆ. ಅಂದರೆ 5.7 ಲಕ್ಷ ರೂಪಾಯಿ ಎರಡು ವರ್ಷ ಹೊರಗೆ. ಅವನು ಶೇ. 12ರ ಸಾಲದಲ್ಲಿ ವ್ಯವಹಾರ ನಡೆಸುವವನು. ಆ ಹಣದ ಬಡ್ಡಿಯೇ ಸುಮಾರು 1.37 ಲಕ್ಷವಾಗುತ್ತದೆ, ಅದು ಅವನ ದರಪಟ್ಟಿಯ ಯಾವ ಸಾಲಿನಲ್ಲೂ ಇರಲಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಜಿಎಸ್‌ಟಿ. ಬರೆಯುವ ದರದಲ್ಲಿ ತೆರಿಗೆ ಸೇರಿದೆಯೋ, ಹೊರಗೆ ಕೊಡುತ್ತಾರೋ? 'ಎಲ್ಲ ತೆರಿಗೆಗಳೂ ಸೇರಿ' ಎಂದಿದ್ದರೆ, ಶೇ. 18ರ ಲೆಕ್ಕದಲ್ಲಿ 76 ಲಕ್ಷದೊಳಗೆ 11.6 ಲಕ್ಷ ತೆರಿಗೆಯದು. ಸಿಮೆಂಟು, ಕಬ್ಬಿಣಕ್ಕೆ ಕೊಟ್ಟ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ವಜಾ ಮಾಡಿಕೊಳ್ಳಬಹುದು, ಆದರೆ ಕೂಲಿಗೆ, ಬಿಲ್ಲಿಲ್ಲದೆ ತಂದ ಮರಳಿಗೆ ಅದು ಸಿಗದು. ದಾಖಲೆಯಲ್ಲಿ ಈ ಮಾತು ಸ್ಪಷ್ಟವಿಲ್ಲದಿದ್ದರೆ ಸ್ಪಷ್ಟೀಕರಣ ಕೇಳುವ ಕೊನೆಯ ದಿನದೊಳಗೆ ಲಿಖಿತವಾಗಿ ಕೇಳಬೇಕು. ಕಚೇರಿಯಲ್ಲಿ ಯಾರೋ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಟಿಕ್ ಹಾಕಕೂಡದು.

ಆದಾಯ ತೆರಿಗೆ ಶೇ. 1, ಜಿಎಸ್‌ಟಿ ಟಿಡಿಎಸ್ ಶೇ. 2, ಕಾರ್ಮಿಕ ಸೆಸ್ ಶೇ. 1, ಖನಿಜಗಳ ರಾಯಧನ ಎಲ್ಲವೂ ಬಿಲ್ಲಿನಲ್ಲೇ ಕಡಿತ. ಮೊದಲೆರಡು ಆಮೇಲೆ ಲೆಕ್ಕಕ್ಕೆ ಹೊಂದುತ್ತವೆ, ಸೆಸ್ ಮತ್ತು ರಾಯಧನ ಖರ್ಚೇ. ಈ ಭಾಗದ ಕೊನೆಯ ಪ್ರಶ್ನೆ: ಮೊದಲ ಬಿಲ್ಲು ಬರುವುದು ಮೂರು ತಿಂಗಳು ತಡವಾದರೂ ಕೂಲಿ ಕೊಡಲು ಹಣವಿದೆಯೇ? ಆಧಾರದ ಕಾಗದ ಬ್ಯಾಂಕ್ ಪಾಸ್‌ಬುಕ್.

ಅವನು ಬಡ್ಡಿ, ಸೆಸ್, ರಾಯಧನ ಸೇರಿಸಿ ದರವನ್ನು 78.4 ಲಕ್ಷಕ್ಕೆ ಏರಿಸಿದ. ಸಲ್ಲಿಸುವ ಹಿಂದಿನ ಸಂಜೆ ಪೋರ್ಟಲ್‌ನಲ್ಲಿ ತಿದ್ದುಪಡಿ ಬಂದಿದೆಯೇ ಎಂದು ನೋಡಿದೆವು, ಡಿಜಿಟಲ್ ಸಹಿಯ ಅವಧಿಯನ್ನೂ ಪರಿಶೀಲಿಸಿದೆವು. ಹಾಳೆ ಅವನ ಫೈಲಿನಲ್ಲಿದೆ. ಕೆಲಸ ಸಿಕ್ಕರೆ ಮುಂದಿನ ಟೆಂಡರ್‌ಗೆ B ಅಂಕಿ 12 ಲಕ್ಷ ಇರುವುದಿಲ್ಲ, 90 ಲಕ್ಷದ ಹತ್ತಿರ ಇರುತ್ತದೆ. ಆಗ ಮೊದಲು ತುಂಬಬೇಕಾದದ್ದು ಆ ಸಾಲು.