ದಿನದೊಳಗಿನ ಏರಿಳಿತಕ್ಕೆ ಎಚ್ಚರಿಕೆ ಗಂಟೆ: ಒಂದು ಸ್ಪ್ರೆಡ್‌ಶೀಟ್ ಸಾಕು

2024ರ ಜೂನ್ 3ರಂದು ನಿಫ್ಟಿ ಶೇ 3.25ರಷ್ಟು ಏರಿತು. ಮರುದಿನ, ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆಯುತ್ತಿದ್ದಾಗ, ಶೇ 5.93ರಷ್ಟು ಕುಸಿಯಿತು. ಇಡೀ ಮಾರುಕಟ್ಟೆಯ ವಹಿವಾಟು ನಿಲ್ಲಬೇಕಾದರೆ ಸೂಚ್ಯಂಕ ಶೇ 10ರಷ್ಟು ಬದಲಾಗಬೇಕು. ಹಾಗಾಗಿ ಆ ದಿನ ವಹಿವಾಟು ನಿಲ್ಲಲಿಲ್ಲ. ಸಾಲದ ಮೇಲೆ ಷೇರು ಹಿಡಿದವರಿಗೆ, ಫ್ಯೂಚರ್ಸ್–ಆಪ್ಷನ್ಸ್‌ನಲ್ಲಿ ಹಣ ತೊಡಗಿಸಿದವರಿಗೆ ಅದಕ್ಕಿಂತ ಬಹಳ ಮೊದಲೇ ಸೂಚನೆ ಬೇಕು. ಅಂಥ ಗಂಟೆಯೊಂದನ್ನು ನಾವೇ ಕಟ್ಟಿಕೊಳ್ಳಬಹುದು.

ಮೊದಲಿಗೆ ಇಡೀ ಪೋರ್ಟ್‌ಫೋಲಿಯೊದ ಮೌಲ್ಯವನ್ನು 5 ನಿಮಿಷಕ್ಕೊಮ್ಮೆ ಬರೆದುಕೊಳ್ಳಬೇಕು. ಒಂದೊಂದು ಷೇರಿನ ಏರಿಳಿತ ಅಳೆದು ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಏರುವಾಗ ಇನ್ನೊಂದು ಇಳಿದು ಸರಿದೂಗಿಸುವುದು ಅಲ್ಲಿ ಕಾಣುವುದಿಲ್ಲ. ದರಗಳನ್ನು ಬ್ರೋಕರ್ ಕೊಡುವ ಲೈವ್ ಮೂಲದಿಂದಲೇ ಪಡೆಯಿರಿ. ಗೂಗಲ್ ಶೀಟ್ಸ್‌ನ `GOOGLEFINANCE` ದರ 20 ನಿಮಿಷದವರೆಗೂ ತಡವಾಗಿ ಬರಬಹುದು, ಈ ಕೆಲಸಕ್ಕೆ ಅದು ಆಗದು. ಒಂದು ನಿಮಿಷದ ಅಂತರಕ್ಕೂ ಇಳಿಯಬೇಡಿ. ಅಷ್ಟು ಸಣ್ಣ ಅವಧಿಯಲ್ಲಿ ದರ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ಜಿಗಿಯುವುದೇ ಏರಿಳಿತದಂತೆ ಕಾಣುತ್ತದೆ.

ಶೀಟಿನ A ಕಾಲಂನಲ್ಲಿ ಸಮಯ, B ಕಾಲಂನಲ್ಲಿ ಮೌಲ್ಯ ಇರಲಿ. 9:20ರ ಮೌಲ್ಯ ಎರಡನೇ ಸಾಲಿನಲ್ಲಿ ಬರಲಿ. C ಕಾಲಂನಲ್ಲಿ ಹಿಂದಿನ ಸಾಲಿಗಿಂತ ಶೇಕಡಾ ಎಷ್ಟು ಬದಲಾಯಿತೆಂಬ ಲೆಕ್ಕ:

```
C3:  =(B3/B2-1)*100
```

ಇನ್ನು ರೋಲಿಂಗ್ ಸ್ಟ್ಯಾಂಡರ್ಡ್ ಡೀವಿಯೇಷನ್. ಅಂದರೆ ಕೊನೆಯ ಆರು ಬದಲಾವಣೆಗಳು, ಎಂದರೆ ಅರ್ಧ ಗಂಟೆ, ಎಷ್ಟು ಚದುರಿವೆ ಎಂಬ ಅಳತೆ. ಹೊಸದೊಂದು ಸೇರಿದಾಗ ಹಳೆಯದೊಂದು ಹೊರಬೀಳುತ್ತದೆ. ಹೆಚ್ಚಿನವರು ಇಲ್ಲಿ `STDEV.S` ಬಳಸುತ್ತಾರೆ. ಅದರಲ್ಲೊಂದು ಅಪಾಯವಿದೆ. ಪೋರ್ಟ್‌ಫೋಲಿಯೊ ಸತತ ಆರು ಸಲ ಶೇ 0.20ರಂತೆ ಇಳಿಯಿತು ಎನ್ನಿ. 10 ಲಕ್ಷ ರೂಪಾಯಿಯಲ್ಲಿ ಸುಮಾರು 12 ಸಾವಿರ ಹೋಯಿತು. ಆದರೆ `STDEV.S` ತೋರಿಸುವುದು ಸೊನ್ನೆ! ಅದು ಸರಾಸರಿಯಿಂದ ಎಷ್ಟು ದೂರ ಎಂದು ಅಳೆಯುತ್ತದೆ, ಇಲ್ಲಿ ಎಲ್ಲ ಇಳಿಕೆಗಳೂ ಸರಾಸರಿಗೆ ಸಮ. ಆದ್ದರಿಂದ ಸರಾಸರಿಯ ಬದಲು ಸೊನ್ನೆಯಿಂದಲೇ ದೂರವನ್ನು ಅಳೆಯಿರಿ:

```
D8:  =SQRT(SUMSQ(C3:C8)/6)
```

ಅದೇ ಕುಸಿತಕ್ಕೆ ಇದು 0.20 ಎಂದು ತೋರಿಸುತ್ತದೆ.

ಮುಂದಿನ ಹೆಜ್ಜೆ ಮಿತಿ ನಿಗದಿ. ಇಡೀ ದಿನಕ್ಕೆ ಒಂದೇ ಮಿತಿ ಇಟ್ಟರೆ ಗಂಟೆ ದಿನವೂ ಬೆಳಿಗ್ಗೆ ಬಡಿದುಕೊಳ್ಳುತ್ತದೆ. 9:15ಕ್ಕೆ ಪೇಟೆ ತೆರೆದಾಗ ರಾತ್ರಿಯ ಸುದ್ದಿಯೆಲ್ಲ ದರಕ್ಕೆ ಇಳಿಯುತ್ತದೆ, ಮಧ್ಯಾಹ್ನ ಪೇಟೆ ತಣ್ಣಗಾಗುತ್ತದೆ, 3:30ರ ಮುಕ್ತಾಯದ ಹೊತ್ತಿಗೆ ಮತ್ತೆ ಚುರುಕಾಗುತ್ತದೆ. ಬೆಳಿಗ್ಗೆ ಮಾಮೂಲಿಯಾದ ಅಂಕಿ ಮಧ್ಯಾಹ್ನ ಒಂದು ಗಂಟೆಗೆ ಬಂದರೆ ಅದು ಅಸಹಜ. ಹಾಗಾಗಿ ಹಿಂದಿನ 20 ವಹಿವಾಟು ದಿನಗಳ ಅದೇ ಸಮಯದ D ಅಂಕಿಗಳನ್ನು `base` ಎಂಬ ಇನ್ನೊಂದು ಶೀಟಿನಲ್ಲಿ ಅದೇ ಸಾಲಿಗೆ ಬರುವಂತೆ ಕೂಡಿಟ್ಟು, ಅವುಗಳ ಮಧ್ಯಾಂಕವನ್ನು E ಕಾಲಂಗೆ ತನ್ನಿ. ಸರಾಸರಿ ತೆಗೆದುಕೊಂಡರೆ ಒಂದು ವಿಪರೀತ ದಿನವೇ ಅದನ್ನು ಮೇಲಕ್ಕೆಳೆದುಬಿಡುತ್ತದೆ.

```
E8:  =MEDIAN(base!B8:U8)
F8:  =IF(AND(D8>2*E8,SUMPRODUCT(--(ABS(C3:C8)>2*E8))>1),"ಎಚ್ಚರ","")
```

F ಕಾಲಂ ಎರಡು ಷರತ್ತು ನೋಡುತ್ತದೆ: ಅಳತೆ ಮಾಮೂಲಿಗಿಂತ ಎರಡು ಪಟ್ಟು ದಾಟಿರಬೇಕು, ಜತೆಗೆ ಆರರಲ್ಲಿ ಕನಿಷ್ಠ ಎರಡು ಬದಲಾವಣೆಗಳು ತಾವೇ ಆ ಮಿತಿ ಮೀರಿರಬೇಕು. ಎರಡನೆಯ ಷರತ್ತು ಏಕೆ ಬೇಕೆಂದು ಉದಾಹರಣೆಯಲ್ಲಿ ನೋಡಿ. ಬದಲಾವಣೆಗಳು 0.05, –0.08, 0.10, –0.04, 0.06, –0.09 ಎಂದಿಟ್ಟುಕೊಳ್ಳಿ. D ಸುಮಾರು 0.07. ಆ ಹೊತ್ತಿನ ಮಧ್ಯಾಂಕ 0.08, ಮಿತಿ 0.16. ಈಗ –0.40ರ ಒಂದು ಏಟು ಬಿತ್ತು. D ಒಮ್ಮೆಲೇ 0.18ಕ್ಕೆ ಹಾರಿ, ಮುಂದೆ ಪೇಟೆ ಶಾಂತವಾಗಿದ್ದರೂ ಅರ್ಧ ಗಂಟೆ ಮಿತಿಯ ಮೇಲೆಯೇ ಉಳಿಯಬಹುದು. ಒಂದೇ ಏಟಿಗೆ ಗಂಟೆ ಬಾರಿಸುವುದು ಬೇಡ. ಮುಂದಿನ 5 ನಿಮಿಷದಲ್ಲಿ –0.22 ಬಂದರೆ D 0.20ರ ಹತ್ತಿರ ಹೋಗುತ್ತದೆ, ಎರಡೂ ಷರತ್ತು ಈಡೇರುತ್ತವೆ, ಗಂಟೆ ಮೊಳಗುತ್ತದೆ. ಆದರೆ –0.40ರ ಬೆನ್ನಿಗೆ +0.40 ಬಂದು ಮೌಲ್ಯ ಮೊದಲಿದ್ದಲ್ಲಿಗೇ ಮರಳಿದರೆ, ಯಾವುದೋ ಷೇರಿನ ದರ ತಪ್ಪಾಗಿ ಬಂದಿರಬಹುದು. ಆಗಲೂ ಗಂಟೆ ಮೊಳಗುತ್ತದೆ, B ಕಾಲಂ ಮೇಲೆ ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ಈ ಗಂಟೆಗೆ ಕಾಣದ್ದೂ ಇದೆ. ಆರು ಬದಲಾವಣೆ ತುಂಬುವ 9:50ರವರೆಗೆ ಅದು ಕುರುಡು. ಹಿಂದಿನ ದಿನದ ಮುಕ್ತಾಯಕ್ಕೂ ಇಂದಿನ ಆರಂಭಕ್ಕೂ ನಡುವಿನ ಜಿಗಿತ ಅದಕ್ಕೆ ಸಿಗುವುದಿಲ್ಲ, ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಅಪರೂಪಕ್ಕೆ ವಹಿವಾಟಾಗುವ ಷೇರುಗಳ ದರ ಕದಲದೆ ನಿಂತು, ಏರಿಳಿತ ಕಡಿಮೆಯಿದೆ ಎಂಬ ಸುಳ್ಳು ಸಮಾಧಾನ ಕೊಡುತ್ತದೆ. ದಿಕ್ಕನ್ನೂ ಇದು ಹೇಳುವುದಿಲ್ಲ, ಜೋರಾದ ಏರಿಕೆಗೂ ಇದೇ ಗಂಟೆ. ಆದ್ದರಿಂದ ಗಂಟೆ ಮೊಳಗಿದ್ದನ್ನೇ ಮಾರಾಟದ ಆದೇಶವೆಂದು ತಿಳಿಯಬೇಡಿ. ಮಾರ್ಜಿನ್ ಎಷ್ಟು ಉಳಿದಿದೆ, ಸ್ಟಾಪ್‌ಲಾಸ್ ಎಲ್ಲಿದೆ ಎಂದು ನೋಡಿ, ಹೊಸ ಖರೀದಿ ತಡೆಹಿಡಿಯಿರಿ. ಸ್ವಂತ ಹಣದಲ್ಲಿ ಹತ್ತು ವರ್ಷಕ್ಕೆಂದು ಷೇರು ಕೊಂಡವರಿಗೆ ಈ ಗಂಟೆಯ ಅಗತ್ಯವೇ ಇಲ್ಲ.

ಬಳಸುವ ಮೊದಲು ನಿಮ್ಮದೇ ಷೇರುಗಳ ಹಳೆಯ 5 ನಿಮಿಷದ ದರಗಳ ಮೇಲೆ, ಜೂನ್ 4ನ್ನೂ ಕೆಲವು ಸಪ್ಪೆ ದಿನಗಳನ್ನೂ ಸೇರಿಸಿ, ಒಮ್ಮೆ ಓಡಿಸಿ ನೋಡಿ. ಸಪ್ಪೆ ದಿನಗಳಲ್ಲೂ ಮತ್ತೆ ಮತ್ತೆ ಮೊಳಗಿದರೆ 2ರ ಬದಲು 2.5 ಇಡಿ.