ಒಂದೇ ಕಂತು, ಎರಡು ಸಾಲು

ಸಾಲ ವಸೂಲಿ ಪಟ್ಟಿಯಲ್ಲಿ ಒಂದೇ ಖಾತೆಗೆ, ಒಂದೇ ದಿನ 4,350 ರೂಪಾಯಿ ನಗದು ಎರಡು ಸಲ ಜಮಾ ಆಗಿದ್ದು ಬ್ಯಾಂಕಿನ ಗುಮಾಸ್ತೆಯ ಕಣ್ಣಿಗೆ ಬಿತ್ತು. "ಬಾಕಿ ಕಂತನ್ನೂ ಅವತ್ತೇ ಕಟ್ಟಿರಬಹುದಲ್ಲಮ್ಮಾ?" ಎಂದರು ಮ್ಯಾನೇಜರ್. ಮಾತು ನ್ಯಾಯವೇ. ಮೊತ್ತ, ದಿನಾಂಕ ಹೊಂದಿದ ಮಾತ್ರಕ್ಕೆ ತಪ್ಪೆನ್ನುವಂತಿಲ್ಲ.

ಆಕೆ ಆ ದಿನದ ವೋಚರ್ ಕಟ್ಟು ಬಿಚ್ಚಿದರು. ಚಲನ್ ಒಂದೇ. ಆದರೆ ಇನ್ನೊಂದು ಕಳೆದುಹೋಗಿದ್ದರೆ? ಕ್ಯಾಷಿಯರ್ ಸ್ಕ್ರಾಲ್ ತೆಗೆದರು. ಅಲ್ಲೂ ಒಂದೇ ನಮೂದು. ಸಂಜೆ ಎಣಿಸಿದ ನಗದಿಗೂ ಸ್ಕ್ರಾಲಿಗೂ ತಾಳೆ. ಪಟ್ಟಿಯ ಮೊತ್ತ ಮಾತ್ರ 4,350 ಹೆಚ್ಚು. ಎರಡನೇ ಕಂತು ನಿಜವಾಗಿದ್ದರೆ ಅಷ್ಟು ಹಣ ಪೆಟ್ಟಿಗೆಯಲ್ಲಿರಬೇಕಿತ್ತು!

ಸಾಲಗಾರರೇ, ಚಲನ್ನಿನ ಪ್ರತಿ ಎಸೆಯಬೇಡಿ. ಹೆಚ್ಚುವರಿ ಜಮಾ ಕಂಡರೆ ಹಿಗ್ಗಲೂಬೇಡಿ. ಬ್ಯಾಂಕ್ ಅದನ್ನು ವಾಪಸ್ ತೆಗೆದಾಗ, ಮುಂದಿನ ಕಂತು ಕಟ್ಟದವರ ಖಾತೆ ಸುಸ್ತಿಗೆ ಬೀಳುತ್ತದೆ.